ಸಾವಯವ ಹತ್ತಿಯ ಬಟ್ಟೆ: ಲೇಬಲ್ ಹೇಳುವುದೇನು, ಮೈಗೆ ತಿಳಿಯುವುದೇನು?

ಮಧ್ಯಪ್ರದೇಶದಲ್ಲಿ ಸಾವಯವ ಹತ್ತಿಯ ಹೆಸರಿನಲ್ಲಿ ಕೊಟ್ಟ ಪ್ರಮಾಣಪತ್ರಗಳಲ್ಲಿ ಭಾರಿ ಅಕ್ರಮ ನಡೆದಿದೆ ಎಂದು 2025ರಲ್ಲಿ ವಿರೋಧ ಪಕ್ಷದ ನಾಯಕರು ಆರೋಪಿಸಿದರು. ಕೇಂದ್ರ ವಾಣಿಜ್ಯ ಸಚಿವಾಲಯ ಅದನ್ನು ಅಲ್ಲಗಳೆಯಿತು. ಈ ವಾದ ಪ್ರತಿವಾದಗಳ ನಡುವೆಯೂ ಬೆಂಗಳೂರಿನ ಜಯನಗರ, ಇಂದಿರಾನಗರ, ಕಮರ್ಷಿಯಲ್ ಸ್ಟ್ರೀಟ್‌ಗಳ ಅಂಗಡಿಗಳಲ್ಲಿ ‘ನೂರಕ್ಕೆ ನೂರು ಸಾವಯವ ಹತ್ತಿ’ ಎಂಬ ಲೇಬಲ್ ಹೊತ್ತ ಟೀ ಶರ್ಟ್, ಮಕ್ಕಳ ಉಡುಪು ಮತ್ತು ಹಾಸುಹೊದಿಕೆಗಳು ಎರಡು ಪಟ್ಟು ಬೆಲೆಗೆ ಮಾರಾಟವಾಗುತ್ತಲೇ ಇವೆ. ಅವು ಹೆಚ್ಚು ಮೃದು, ಹೆಚ್ಚು ಬಾಳಿಕೆ, ಚರ್ಮಕ್ಕೆ ಹಿತ ಎಂದು ಮಾರುವವರು ಹೇಳುತ್ತಾರೆ. ಎಲ್ಲವೂ ಬೂಟಾಟಿಕೆ ಎಂದು ಟೀಕಾಕಾರರು ಹೇಳುತ್ತಾರೆ. ಎರಡು ಬೇರೆ ಬೇರೆ ಪ್ರಶ್ನೆಗಳು ಇಲ್ಲಿ ಒಂದರೊಳಗೊಂದು ಸೇರಿಕೊಂಡಿರುವುದೇ ಗೊಂದಲಕ್ಕೆ ಕಾರಣ. ಈ ಹತ್ತಿ ನಿಜವಾಗಿಯೂ ಸಾವಯವವೇ ಎಂಬುದು ಒಂದು ಪ್ರಶ್ನೆ. ನಿಜವಾಗಿಯೂ ಸಾವಯವವೇ ಆಗಿದ್ದರೆ ಬಟ್ಟೆಯ ಸ್ಪರ್ಶ, ಬಾಳಿಕೆ ಮತ್ತು ಒಗೆತದಲ್ಲಿ ಏನು ಬದಲಾಗುತ್ತದೆ ಎಂಬುದು ಇನ್ನೊಂದು. ಎರಡನೆಯದನ್ನು ಮೊದಲು ಬಿಡಿಸಿಕೊಂಡರೆ ಮೊದಲನೆಯದರ ತೂಕ ಎಷ್ಟೆಂದು ತಿಳಿಯುವುದು ಸುಲಭ.

ಸಾವಯವ ಎಂಬುದು ಹೊಲದ ಕುರಿತ ಮಾತು

ಭಾರತದಲ್ಲಿ ಬೆಳೆಯನ್ನು ಸಾವಯವ ಎಂದು ಪ್ರಮಾಣೀಕರಿಸುವುದು 2001ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ನಿಯಮಗಳ ಅಡಿಯಲ್ಲಿ. ವಾಣಿಜ್ಯ ಸಚಿವಾಲಯಕ್ಕೆ ಸೇರಿದ ಅಪೆಡಾ ಇದನ್ನು ನಡೆಸುತ್ತದೆ. ರಾಸಾಯನಿಕ ಗೊಬ್ಬರ ಮತ್ತು ಕೃತಕ ಕೀಟನಾಶಕಗಳನ್ನು ಬಳಸಬಾರದು, ಕುಲಾಂತರಿ ಬೀಜ ಬಿತ್ತಬಾರದು, ಹತ್ತಿಯಂಥ ವಾರ್ಷಿಕ ಬೆಳೆಯಾದರೆ ಬಿತ್ತನೆಗೆ ಮೊದಲು ಕನಿಷ್ಠ 2 ವರ್ಷ ಹೊಲವನ್ನು ಈ ಪದ್ಧತಿಗೆ ಹೊಂದಿಸಿರಬೇಕು ಎಂಬುದು ಅದರ ತಿರುಳು. ಕೊನೆಯ ಷರತ್ತಿಗಿಂತ ಬೀಜದ ಷರತ್ತೇ ಕಠಿಣ, ಏಕೆಂದರೆ 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕ ಮೇಲೆ ದೇಶದ ಹತ್ತಿ ಪ್ರದೇಶದ ಶೇಕಡಾ 90ಕ್ಕೂ ಹೆಚ್ಚು ಭಾಗ ಅದರ ವಶವಾಗಿದೆ, ಬಿಟಿ ಅಲ್ಲದ ಬೀಜ ಹುಡುಕುವುದೇ ರೈತನಿಗೆ ಒಂದು ಕೆಲಸವಾಗಿದೆ.

ಈ ನಿಯಮಗಳಲ್ಲಿ ಬಟ್ಟೆಯ ಗುಣಮಟ್ಟದ ಪ್ರಸ್ತಾಪವೇ ಇಲ್ಲ. ಎಳೆ ಎಷ್ಟು ಉದ್ದವಿರಬೇಕು, ನೂಲು ಎಷ್ಟು ಗಟ್ಟಿ ಇರಬೇಕು ಎಂದು ಅವು ಕೇಳುವುದಿಲ್ಲ. ಹೊಲದಿಂದಾಚೆಗಿನ ಹಂತಗಳನ್ನು ನೋಡಿಕೊಳ್ಳಲು ಬೇರೆ ಮಾನದಂಡಗಳಿವೆ. ಅವುಗಳಲ್ಲಿ ಎರಡನ್ನು ಗ್ರಾಹಕರು ಬೇರ್ಪಡಿಸಿ ನೋಡಬೇಕು. ಆರ್ಗ್ಯಾನಿಕ್ ಕಂಟೆಂಟ್ ಸ್ಟ್ಯಾಂಡರ್ಡ್, ಅಂದರೆ ಓಸಿಎಸ್, ಸಾವಯವ ಎಳೆ ಬಟ್ಟೆಯಲ್ಲಿ ಎಷ್ಟಿದೆ ಎಂಬುದನ್ನು ಮಾತ್ರ ಜಿನ್ನಿಂಗ್ ಮಿಲ್‌ನಿಂದ ಉಡುಪಿನವರೆಗೆ ಲೆಕ್ಕ ಇಡುತ್ತದೆ; ಬಣ್ಣ ಹಾಕುವಾಗ ಯಾವ ರಾಸಾಯನಿಕ ಬಳಸಿದರು ಎಂಬುದು ಅದಕ್ಕೆ ಸಂಬಂಧಿಸಿದ ವಿಷಯವಲ್ಲ. ಗ್ಲೋಬಲ್ ಆರ್ಗ್ಯಾನಿಕ್ ಟೆಕ್ಸ್‌ಟೈಲ್ ಸ್ಟ್ಯಾಂಡರ್ಡ್, ಅಂದರೆ ಗಾಟ್ಸ್, ಇದರಾಚೆಗೂ ಹೋಗಿ ಬಿಳುಪು ಮಾಡುವ, ಬಣ್ಣ ಹಾಕುವ ಮತ್ತು ಕೊನೆಯ ಲೇಪನಗಳ ರಾಸಾಯನಿಕಗಳನ್ನೂ ನಿಯಂತ್ರಿಸುತ್ತದೆ. ಅದರಲ್ಲಿ ‘ಸಾವಯವ’ ಎಂಬ ದರ್ಜೆಗೆ ಕನಿಷ್ಠ ಶೇಕಡಾ 95 ಸಾವಯವ ಎಳೆ ಬೇಕು, ‘ಸಾವಯವ ಎಳೆಯಿಂದ ತಯಾರಿಸಿದ್ದು’ ಎಂಬ ಕೆಳದರ್ಜೆಗೆ ಕನಿಷ್ಠ ಶೇಕಡಾ 70. ಸಾವಯವ ಲೇಬಲ್‌ನಿಂದ ಬರುವ ಸ್ಪರ್ಶ ಮತ್ತು ಆರೈಕೆಯ ವ್ಯತ್ಯಾಸಗಳು ಹುಟ್ಟುವುದು ಈ ಎರಡು ಮಾನದಂಡಗಳ ನಡುವಿನ ಅಂತರದಲ್ಲೇ.

ಎಳೆಯಲ್ಲಿ ಭೇದವಿಲ್ಲ

ಹತ್ತಿಯ ಎಳೆ ಬಹುಪಾಲು ಶುದ್ಧ ಸೆಲ್ಯುಲೋಸ್. ಅದರ ಮೇಲೆ ತೆಳುವಾದ ಮೇಣದ ಪದರವಿರುತ್ತದೆ. ಗಿಡಕ್ಕೆ ಸಾರಜನಕ ಬಂದದ್ದು ಯೂರಿಯಾದಿಂದಲೋ ಕೊಟ್ಟಿಗೆ ಗೊಬ್ಬರದಿಂದಲೋ ಎಂಬುದರಿಂದ ಈ ಸೆಲ್ಯುಲೋಸ್‌ನ ರಚನೆ ಬದಲಾಗುವುದಿಲ್ಲ. ಬಿಟಿ ಹತ್ತಿಯ ಹೆಚ್ಚುವರಿ ಜೀನ್ ಗಿಡದ ಎಲೆ, ಕಾಯಿಗಳಲ್ಲಿ ಕಾಯಿಕೊರಕ ಹುಳುವಿಗೆ ವಿಷವಾಗುವ ಪ್ರೋಟೀನನ್ನು ತಯಾರಿಸುತ್ತದೆಯೇ ಹೊರತು ಎಳೆಯನ್ನು ಒರಟು ಮಾಡುವುದಿಲ್ಲ.

ಸ್ಪರ್ಶವನ್ನು ನಿರ್ಧರಿಸುವುದು ಮೊದಲಿಗೆ ತಳಿ. ಎಳೆ ಉದ್ದವಾಗಿಯೂ ಸಣ್ಣದಾಗಿಯೂ ಇದ್ದಷ್ಟೂ ನೂಲಿನಲ್ಲಿ ಹೊರಚಾಚುವ ತುದಿಗಳು ಕಡಿಮೆ, ಆದ್ದರಿಂದ ಬಟ್ಟೆ ನಯ. ಕರ್ನಾಟಕದಲ್ಲೇ ಇದಕ್ಕೆ ಎರಡು ತುದಿಯ ಉದಾಹರಣೆಗಳಿವೆ. ಧಾರವಾಡದ ಸಂಶೋಧಕರು ರೂಪಿಸಿದ ಡಿಸಿಎಚ್-32 ಅತಿ ಉದ್ದ ಎಳೆಯ ಹತ್ತಿ, ಅದರಿಂದ ಬಹಳ ಸಣ್ಣ ನೂಲು ತೆಗೆಯಬಹುದು. ಅದೇ ಸೀಮೆಯ ಕಪ್ಪು ಮಣ್ಣಿನಲ್ಲಿ ಮಳೆಯನ್ನೇ ನಂಬಿ ಬೆಳೆಯುವ ಜಯಧರ ಎಂಬ ದೇಸಿ ಹತ್ತಿಯ ಎಳೆ ಗಿಡ್ಡ ಮತ್ತು ಒರಟು. ರಸ ಹೀರುವ ಕೀಟಗಳನ್ನು ತಡೆಯುವ ಶಕ್ತಿ ದೇಸಿ ಹತ್ತಿಗೆ ಹೆಚ್ಚು, ಹಾಗಾಗಿ ಅದನ್ನು ಸಾವಯವವಾಗಿ ಬೆಳೆಯುವುದು ಸುಲಭ. ಇದರ ಫಲವೇನೆಂದರೆ, ನಿಷ್ಠೆಯಿಂದ ಸಾವಯವವಾಗಿ ಬೆಳೆದ ದೇಸಿ ಹತ್ತಿಯ ಬಟ್ಟೆ, ರಾಸಾಯನಿಕ ಗೊಬ್ಬರ ಉಂಡು ಬೆಳೆದ ಉದ್ದ ಎಳೆಯ ಹತ್ತಿಯ ಬಟ್ಟೆಗಿಂತ ಒರಟಾಗಿರಬಹುದು. ಅದು ದೋಷವಲ್ಲ, ತಳಿಯ ಗುಣ.

ಸಾವಯವ ಹತ್ತಿಯನ್ನು ಕೈಯಿಂದ ಬಿಡಿಸುತ್ತಾರೆ, ಆದ್ದರಿಂದ ಅದರ ಎಳೆ ಮುರಿಯುವುದಿಲ್ಲ ಎಂಬ ಮಾತು ಲೇಬಲ್‌ಗಳಲ್ಲಿ ಆಗಾಗ ಕಾಣುತ್ತದೆ. ಯಂತ್ರದಿಂದ ಹತ್ತಿ ಬಿಡಿಸುವ, ಅದಕ್ಕಾಗಿ ಗಿಡದ ಎಲೆ ಉದುರಿಸುವ ರಾಸಾಯನಿಕ ಸಿಂಪಡಿಸುವ ಅಮೆರಿಕ, ಆಸ್ಟ್ರೇಲಿಯಗಳಲ್ಲಿ ಈ ಹೋಲಿಕೆಗೆ ಅರ್ಥವಿದೆ. ಭಾರತದಲ್ಲಿ ಸಾವಯವವಾಗಲಿ ಅಲ್ಲದಿರಲಿ, ಹೆಚ್ಚುಕಡಿಮೆ ಎಲ್ಲ ಹತ್ತಿಯನ್ನೂ ಕೂಲಿಯವರು ಕೈಯಲ್ಲೇ ಬಿಡಿಸುತ್ತಾರೆ. ಬೇರೆ ದೇಶದ ಜಾಹೀರಾತನ್ನು ಇಲ್ಲಿಗೆ ಹಾಗೇ ಎತ್ತಿ ತಂದಿರುವುದಕ್ಕೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ.

ಅಂಗಡಿಯ ನಯ ಮತ್ತು ಮನೆಯ ನಯ

ತಳಿಯ ನಂತರ ಬರುವುದು ನೂಲುವ ಕ್ರಮ. ಕೋಂಬಿಂಗ್ ಎಂಬ ಹಂತದಲ್ಲಿ ಅರಳೆಯನ್ನು ಸೂಕ್ಷ್ಮ ಹಲ್ಲುಗಳ ನಡುವೆ ಬಾಚಿ, ಸುಮಾರು ಶೇಕಡಾ 15ರಷ್ಟು ಗಿಡ್ಡ ಎಳೆಗಳನ್ನು ಬೇರ್ಪಡಿಸಿ ತೆಗೆಯುತ್ತಾರೆ. ಹೀಗೆ ಬಾಚಿದ ನೂಲಿನ ಬಟ್ಟೆ ನಯವಾಗಿರುತ್ತದೆ, ಮತ್ತು ಕೆಲವು ತಿಂಗಳ ಬಳಕೆಯ ನಂತರ ಕಂಕುಳು, ಹೊಟ್ಟೆಯ ಭಾಗದಲ್ಲಿ ಸಣ್ಣ ಉಂಡೆಗಳಂತೆ ಗುಂಜು ಏಳುವುದು ಕಡಿಮೆ. ಈ ಗುಂಜು ಗಿಡ್ಡ ಎಳೆಗಳ ತುದಿಗಳು ಉಜ್ಜಿಕೊಂಡು ಹೆಣೆದುಕೊಳ್ಳುವುದರಿಂದ ಆಗುತ್ತದೆ. ಗೊಬ್ಬರಕ್ಕೂ ಅದಕ್ಕೂ ನಂಟಿಲ್ಲ. ಬಾಚದ ಸಾವಯವ ನೂಲಿನ ಟೀ ಶರ್ಟ್‌ಗಿಂತ ಬಾಚಿದ ಸಾಮಾನ್ಯ ನೂಲಿನ ಟೀ ಶರ್ಟ್ ಹೆಚ್ಚು ಕಾಲ ಹೊಸದರಂತೆ ಕಾಣುತ್ತದೆ.

ಆದರೆ ಅಂಗಡಿಯಲ್ಲಿ ಬಟ್ಟೆಯನ್ನು ಬೆರಳಿನಿಂದ ಸವರಿದಾಗ ತಿಳಿಯುವ ನಯದಲ್ಲಿ ದೊಡ್ಡ ಪಾಲು ಇವೆರಡರದ್ದೂ ಅಲ್ಲ. ಬಣ್ಣ ಹಾಕಿದ ಮೇಲೆ ಬಟ್ಟೆಗೆ ಸಾಫ್ಟನರ್ ಲೇಪಿಸುತ್ತಾರೆ, ಹೆಚ್ಚಿನ ಬಾರಿ ಅದು ಸಿಲಿಕೋನ್ ಮೂಲದ್ದು. ಅದು ಎಳೆಗಳ ನಡುವಿನ ಘರ್ಷಣೆಯನ್ನು ತಗ್ಗಿಸಿ ಜಾರುವಂಥ ಸ್ಪರ್ಶ ಕೊಡುತ್ತದೆ, ಒಗೆದಂತೆಲ್ಲ ಸವೆಯುತ್ತದೆ. ಒಂದು ಹತ್ತಿಪ್ಪತ್ತು ಒಗೆತವಾದ ಮೇಲೆ ಉಳಿಯುವುದು ಎಳೆಯ ಮತ್ತು ನೂಲಿನ ಸ್ವಂತ ನಯ. ಎರಡು ಬಟ್ಟೆಗಳನ್ನು ಅಂಗಡಿಯ ಬೆಳಕಿನಲ್ಲಿ ಹೋಲಿಸಿ ‘ಸಾವಯವವೇ ಮೃದು’ ಅಥವಾ ‘ವ್ಯತ್ಯಾಸವೇ ಇಲ್ಲ’ ಎಂದು ತೀರ್ಮಾನಿಸುವವರು, ಬಹುಮಟ್ಟಿಗೆ ಎರಡು ಸಾಫ್ಟನರ್‌ಗಳನ್ನು ಹೋಲಿಸುತ್ತಿರುತ್ತಾರೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೂಲು ಒಂದೇ ದಪ್ಪವಾಗಿದೆಯೇ ಎಂದು ನೋಡುವುದು, ಒಳಮಗ್ಗುಲನ್ನು ಹೆಬ್ಬೆರಳಿನಿಂದ ಹತ್ತಾರು ಬಾರಿ ಗಟ್ಟಿಯಾಗಿ ಉಜ್ಜಿ ಜುಂಗು ಏಳುತ್ತದೆಯೇ ಎಂದು ಪರೀಕ್ಷಿಸುವುದು, ಲೇಬಲ್ ಓದುವುದಕ್ಕಿಂತ ಹೆಚ್ಚು ಮಾಹಿತಿ ಕೊಡುತ್ತದೆ.

ನಿಜವಾದ ವ್ಯತ್ಯಾಸ: ಸುಕ್ಕಾಗದ ಅಂಗಿ

ಹಾಗಾದರೆ ಸಾವಯವ ಲೇಬಲ್ ಮೈಗೆ ತಿಳಿಯುವಂತೆ ಏನನ್ನೂ ಬದಲಿಸುವುದೇ ಇಲ್ಲವೇ? ಬದಲಿಸುತ್ತದೆ, ಆದರೆ ಜಾಹೀರಾತು ಹೇಳುವ ಜಾಗದಲ್ಲಿ ಅಲ್ಲ. ಕಚೇರಿಗೆ ತೊಡುವ ಎರಡು ಬಿಳಿ ಅಂಗಿಗಳನ್ನು ತೆಗೆದುಕೊಳ್ಳೋಣ: ಒಂದು ‘ರಿಂಕಲ್ ಫ್ರೀ’ ಎಂದು ಮಾರುವ ಸಾಮಾನ್ಯ ಹತ್ತಿಯದು, ಇನ್ನೊಂದು ಗಾಟ್ಸ್ ಲೇಬಲ್ ಇರುವುದು.

ಹತ್ತಿ ಸುಕ್ಕಾಗುವುದು ಸೆಲ್ಯುಲೋಸ್‌ನ ಸರಪಳಿಗಳು ಒಂದರ ಮೇಲೊಂದು ಜಾರುವುದರಿಂದ. ಅವುಗಳನ್ನು ಹಿಡಿದಿಟ್ಟಿರುವುದು ದುರ್ಬಲ ಹೈಡ್ರೋಜನ್ ಬಂಧಗಳು. ಬೆವರು, ತೇವ ತಾಗಿದಾಗ ಅವು ಸಡಿಲಗೊಂಡು, ಬಟ್ಟೆ ಮಡಿಚಿದ ಸ್ಥಿತಿಯಲ್ಲಿಯೇ ಒಣಗಿದರೆ ಅದೇ ಭಂಗಿಯಲ್ಲಿ ಮತ್ತೆ ಬಿಗಿಯುತ್ತವೆ. ಸುಕ್ಕು ತಡೆಯಲು ಬಟ್ಟೆಯನ್ನು ಒಂದು ರಾಳದ ದ್ರಾವಣದಲ್ಲಿ ಅದ್ದಿ, ಸುಮಾರು 150 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಆಗ ರಾಳ ಸರಪಳಿಗಳ ನಡುವೆ ಏಣಿಯ ಮೆಟ್ಟಿಲುಗಳಂತೆ ಗಟ್ಟಿ ಬಂಧಗಳನ್ನು ಹೂಡುತ್ತದೆ. ಸರಪಳಿ ಜಾರದು, ಅಂಗಿ ಸುಕ್ಕಾಗದು. ಆದರೆ ಎಳೆದಾಗ ಸ್ವಲ್ಪ ಜಾರಿ ಒತ್ತಡವನ್ನು ಹಂಚಿಕೊಳ್ಳುವ ಗುಣವೂ ಅದರೊಂದಿಗೆ ಹೋಗುತ್ತದೆ, ಎಳೆ ಪೆಡಸಾಗುತ್ತದೆ. ಈ ಲೇಪನದಿಂದ ಬಟ್ಟೆಯ ಬಲ ಮೂರನೇ ಒಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಹೆಚ್ಚು, ಕುಗ್ಗಬಹುದು. ಸುಕ್ಕಾಗದ ಅಂಗಿಯ ಕಾಲರ್ ಮಡಿಕೆ ಮತ್ತು ತೋಳಿನ ಕಫ್ ಬಟ್ಟೆಯ ಉಳಿದ ಭಾಗಕ್ಕಿಂತ ಬಹಳ ಬೇಗ ಬಿಳಿಚಿ ಹಿಂಜಿಕೊಳ್ಳುವುದಕ್ಕೆ ಇದೇ ಮುಖ್ಯ ಕಾರಣ.

ಈ ಕೆಲಸಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವ ರಾಳಗಳು ಫಾರ್ಮಾಲ್ಡಿಹೈಡ್ ಮೂಲದವು, ಸೆಖೆ ಮತ್ತು ತೇವದಲ್ಲಿ ಅವು ಅಲ್ಪ ಪ್ರಮಾಣದಲ್ಲಿ ಆ ಅನಿಲವನ್ನು ಬಿಡುತ್ತವೆ. ಗಾಟ್ಸ್ ಫಾರ್ಮಾಲ್ಡಿಹೈಡನ್ನು ನಿಷೇಧಿಸುತ್ತದೆ. ಸಿದ್ಧ ಬಟ್ಟೆಯಲ್ಲಿ ಅದು ಕಿಲೋಗೆ 16 ಮಿಲಿಗ್ರಾಂ ಮೀರಬಾರದು. ಹೀಗಾಗಿ ಗಾಟ್ಸ್ ಅಂಗಿ ಸುಕ್ಕಾಗುತ್ತದೆ. ಅದನ್ನು ಇಸ್ತ್ರಿ ಮಾಡಲೇಬೇಕು, ಪೂರ್ತಿ ಒಣಗುವ ಮೊದಲೇ ಇನ್ನೂ ತುಸು ತೇವವಿರುವಾಗ ಮಾಡಿದರೆ ಮಾತ್ರ ಗೆರೆ ಸರಿಯಾಗಿ ಕೂರುತ್ತದೆ. ಇದಕ್ಕೆ ಪ್ರತಿಯಾಗಿ ಕಾಲರ್ ಹೆಚ್ಚು ಕಾಲ ಬಾಳುತ್ತದೆ, ಬೆವರು ಹೀರುವ ಗುಣವೂ ಉಳಿಯುತ್ತದೆ.

ಇಲ್ಲಿ ಎರಡು ಎಚ್ಚರಗಳಿವೆ. ರಾಳ ಲೇಪಿಸದ ಸಾಮಾನ್ಯ ಹತ್ತಿಯ ಅಂಗಿಯೂ ಇದೇ ರೀತಿ ಸುಕ್ಕಾಗುತ್ತದೆ, ಇದೇ ರೀತಿ ಬಾಳುತ್ತದೆ. ಅಲ್ಲದೆ, ಬರೀ ಓಸಿಎಸ್ ಲೇಬಲ್ ಇರುವ ಅಂಗಿಗೆ ಈ ರಾಳ ಹಾಕಲು ಯಾವ ಅಡ್ಡಿಯೂ ಇಲ್ಲ. ‘ಸಾವಯವ ಹತ್ತಿ, ಇಸ್ತ್ರಿ ಬೇಕಿಲ್ಲ’ ಎಂದು ಒಂದೇ ಉಸಿರಿನಲ್ಲಿ ಹೇಳುವ ಅಂಗಿ ಕಂಡರೆ ಅದರ ಲೇಬಲ್ ಯಾವ ಮಾನದಂಡದ್ದು ಎಂದು ತಿರುಗಿಸಿ ನೋಡುವುದು ಒಳ್ಳೆಯದು.

ಚರ್ಮದ ಪ್ರಶ್ನೆಯೂ ಇಲ್ಲೇ ಬಗೆಹರಿಯುತ್ತದೆ. ಬಟ್ಟೆಯಿಂದ ಬರುವ ತುರಿಕೆ, ಗಂಧೆಗಳಿಗೆ ಹೊಲದಲ್ಲಿ ಹೊಡೆದ ಕೀಟನಾಶಕ ಕಾರಣವಾಗುವುದು ಅಪರೂಪ. ಬಣ್ಣಕ್ಕೆ ಮೊದಲು ಬಟ್ಟೆಯನ್ನು ಕಾಸ್ಟಿಕ್ ಸೋಡಾದಲ್ಲಿ ಕುದಿಸಿ ಮೇಣ, ಕೊಳೆ ತೆಗೆಯುತ್ತಾರೆ, ಬಿಳುಪು ಮಾಡುತ್ತಾರೆ, ಮತ್ತೆ ಮತ್ತೆ ತೊಳೆಯುತ್ತಾರೆ. ಇಷ್ಟೆಲ್ಲ ಆದ ಮೇಲೆ ಹೊಲದ ಶೇಷ ಉಳಿಯುವುದು ಅತ್ಯಲ್ಪ. ಸಾಮಾನ್ಯವಾಗಿ ತೊಂದರೆ ಕೊಡುವುದು ಕೆಲವು ಬಣ್ಣಗಳು ಮತ್ತು ಈಗ ಹೇಳಿದ ರಾಳಗಳು. ಕೂಸಿನ ಬಟ್ಟೆ ಕೊಳ್ಳುವವರ ಚಿಂತೆ ಇದೊಂದೇ ಆಗಿದ್ದರೆ, ಸಿದ್ಧ ಬಟ್ಟೆಯಲ್ಲಿ ಹಾನಿಕಾರಕ ವಸ್ತುಗಳನ್ನು ಪರೀಕ್ಷಿಸಿ ಕೊಡುವ ಓಯ್ಕೊ-ಟೆಕ್ಸ್ ಸ್ಟ್ಯಾಂಡರ್ಡ್ 100 ಲೇಬಲ್ ಕೂಡ ಸಾಕು; ಅದಕ್ಕೆ ಹತ್ತಿ ಸಾವಯವವಾಗಿರಬೇಕಿಲ್ಲ.

ಒಗೆತದಲ್ಲಿ ಲೇಬಲ್‌ಗಿಂತ ನೀರಿನ ಪ್ರಭಾವ ಹೆಚ್ಚು

ಬಿಳುಪು ಮಾಡದೆ, ಹತ್ತಿಯ ಸಹಜ ಕೆನೆಬಣ್ಣದಲ್ಲೇ ಮಾರುವ ಟವೆಲ್ ಮತ್ತು ಹಾಸುಗಳು ಸಾವಯವ ಅಂಗಡಿಗಳಲ್ಲಿ ಹೆಚ್ಚು. ಮೇಣವನ್ನು ಪೂರ್ತಿ ತೆಗೆಯದಿದ್ದರೆ ಅವು ಮೊದಮೊದಲು ನೀರನ್ನು ಹೀರುವುದಿಲ್ಲ; ನಾಲ್ಕಾರು ಬಾರಿ ಬಿಸಿನೀರಿನಲ್ಲಿ ಒಗೆದ ಮೇಲೆ ದಾರಿಗೆ ಬರುತ್ತವೆ. ಇದನ್ನು ಕಳಪೆ ಎಂದು ಭಾವಿಸಿ ಫ್ಯಾಬ್ರಿಕ್ ಕಂಡೀಷನರ್ ಹಾಕುವುದು ತಪ್ಪು ಮದ್ದು, ಏಕೆಂದರೆ ಕಂಡೀಷನರ್ ಎಳೆಯ ಮೇಲೆ ಮತ್ತೊಂದು ಜಿಡ್ಡಿನ ಪದರ ಕೂರಿಸಿ ಹೀರುವಿಕೆಯನ್ನು ಇನ್ನಷ್ಟು ತಗ್ಗಿಸುತ್ತದೆ.

ಬೆಂಗಳೂರಿನಲ್ಲಿ ಇದಕ್ಕಿಂತ ದೊಡ್ಡ ವ್ಯತ್ಯಾಸ ತರುವುದು ಮನೆಗೆ ಬರುವ ನೀರು. ಕಾವೇರಿ ನೀರಿಗಿಂತ ಕೊಳವೆಬಾವಿಯ ನೀರು, ಅಂದರೆ ಬಹುಪಾಲು ಟ್ಯಾಂಕರ್ ನೀರು, ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳು ಸೋಪಿನೊಂದಿಗೆ ಸೇರಿ ಕರಗದ ಗಸಿಯಾಗಿ ಎಳೆಗಳ ನಡುವೆ ಕೂರುತ್ತವೆ. ಬಟ್ಟೆ ಬೂದುಬಣ್ಣಕ್ಕೆ ತಿರುಗುತ್ತದೆ, ಒಣಗಿದಾಗ ಹಪ್ಪಳದಂತೆ ಸೆಟೆದು ನಿಲ್ಲುತ್ತದೆ. ಸಾವಯವ ಬಟ್ಟೆಗೂ ಸಾಮಾನ್ಯ ಬಟ್ಟೆಗೂ ಇದು ಸಮಾನವಾಗಿ ಆಗುತ್ತದೆ. ಸೋಪಿನ ಬದಲು ಡಿಟರ್ಜೆಂಟ್ ಬಳಸುವುದು, ಆಗೊಮ್ಮೆ ಈಗೊಮ್ಮೆ ಕೊನೆಯ ನೀರಿಗೆ ತುಸು ಬಿಳಿ ವಿನೆಗರ್ ಬೆರೆಸುವುದು ಇದನ್ನು ಸಾಕಷ್ಟು ತಡೆಯುತ್ತದೆ. ಬಟ್ಟೆ ಕುಗ್ಗುವುದೂ ಹೀಗೆಯೇ: ಗಿರಣಿಯಲ್ಲಿ ಬಟ್ಟೆಯನ್ನು ಮೊದಲೇ ಕುಗ್ಗಿಸಿದ್ದಾರೆಯೇ ಎಂಬುದರ ಮೇಲೆ ಅದು ನಿಂತಿದೆ. ಹೊಲಿಸಲು ಥಾನು ಬಟ್ಟೆ ಕೊಳ್ಳುವವರು ಅದನ್ನು ಒಂದು ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ ದರ್ಜಿಗೆ ಕೊಡುವ ಹಳೆಯ ರೂಢಿ ಸಾವಯವ ಬಟ್ಟೆಗೂ ಅಷ್ಟೇ ಅಗತ್ಯ.

ಹೆಚ್ಚುವರಿ ಹಣ ಹೋಗುವುದೆಲ್ಲಿಗೆ

ಒಂದು ಟೀ ಶರ್ಟ್‌ನ ಲೆಕ್ಕ ಹಾಕಿ ನೋಡೋಣ. ಮಧ್ಯಮ ಅಳತೆಯ ಟೀ ಶರ್ಟ್‌ನ ತೂಕ ಸುಮಾರು 170 ಗ್ರಾಂ. ಕತ್ತರಿಸುವಾಗ, ಬಾಚುವಾಗ ಆಗುವ ನಷ್ಟ ಸೇರಿಸಿದರೆ ಅದಕ್ಕೆ ಹೆಚ್ಚುಕಡಿಮೆ 250 ಗ್ರಾಂ ಅರಳೆ ಬೇಕು. 356 ಕಿಲೋ ತೂಗುವ ಒಂದು ಖಂಡಿ ಅರಳೆಗೆ 55,000 ರೂಪಾಯಿ ಎಂದು ಹಿಡಿದರೆ ಕಿಲೋಗೆ 154 ರೂಪಾಯಿ, ಅಂದರೆ ಒಂದು ಟೀ ಶರ್ಟ್‌ನೊಳಗಿನ ಹತ್ತಿಯ ಬೆಲೆ 40 ರೂಪಾಯಿಗಿಂತ ಕಡಿಮೆ. ಸಾವಯವ ಅರಳೆಗೆ ದುಪ್ಪಟ್ಟು ಬೆಲೆ ಕೊಟ್ಟರೂ ಹೆಚ್ಚುವುದು ಮತ್ತೊಂದು 40 ರೂಪಾಯಿ. ಅಂಗಡಿಯಲ್ಲಿ ಎರಡು ಟೀ ಶರ್ಟ್‌ಗಳ ನಡುವೆ 600 ರೂಪಾಯಿ ಅಂತರವಿದ್ದರೆ ಅದರ ದೊಡ್ಡ ಪಾಲು ರೈತನ ಹೊಲಕ್ಕೆ ತಲುಪಲು ಸಾಧ್ಯವೇ ಇಲ್ಲ. ಪ್ರಮಾಣಪತ್ರದ ಶುಲ್ಕ, ಸಣ್ಣ ಪ್ರಮಾಣದ ಉತ್ಪಾದನೆ, ಬೇರೆಯಾಗಿ ಸಂಗ್ರಹಿಸುವ ಖರ್ಚುಗಳು ಸ್ವಲ್ಪ ನುಂಗುತ್ತವೆ, ಉಳಿದದ್ದು ಬ್ರ್ಯಾಂಡಿನದು. ಈ ಲೆಕ್ಕ ಮೋಸವನ್ನು ಸಾಬೀತುಪಡಿಸುವುದಿಲ್ಲ, ಆದರೆ ‘ಬೆಲೆ ಹೆಚ್ಚಿರುವುದು ಹತ್ತಿ ದುಬಾರಿ ಎಂಬ ಕಾರಣಕ್ಕೆ’ ಎಂಬ ಸಮಜಾಯಿಷಿಯನ್ನು ಸುಳ್ಳಾಗಿಸುತ್ತದೆ.

ಬಟ್ಟೆಯನ್ನು ಪರೀಕ್ಷಿಸಿ ತಿಳಿಯಲಾಗದು

ಈಗ ಮೊದಲ ಪ್ರಶ್ನೆಗೆ ಬರಬಹುದು. ಕೈಗೆ ಬಂದ ಟೀ ಶರ್ಟನ್ನು ಪ್ರಯೋಗಾಲಯಕ್ಕೆ ಕಳಿಸಿ ಅದು ಸಾವಯವವೇ ಎಂದು ತಿಳಿಯಬಹುದೇ? ಆಗುವುದಿಲ್ಲ. ಕುಲಾಂತರಿ ಹತ್ತಿಯ ಡಿಎನ್ಎ ಬೀಜದಲ್ಲಿ, ಅರಳೆಯಲ್ಲಿ, ಇನ್ನೂ ಕುದಿಸದ ಕೋರಾ ಬಟ್ಟೆಯಲ್ಲಿ ಪತ್ತೆಯಾಗುತ್ತದೆ. ಅದಕ್ಕೆ 2019ರಿಂದ ಅಂತರರಾಷ್ಟ್ರೀಯವಾಗಿ ಒಪ್ಪಿದ ಕ್ರಮವೂ ಇದೆ. ಆದರೆ ಕುದಿಸಿ, ಬಿಳುಪು ಮಾಡಿ, ಬಣ್ಣ ಹಾಕಿದ ಬಟ್ಟೆಯಲ್ಲಿ ಪತ್ತೆಗೆ ಸಿಗುವಷ್ಟು ಡಿಎನ್ಎ ಉಳಿಯುವುದಿಲ್ಲ. ಅರಳೆಯ ಹಂತದ ಪರೀಕ್ಷೆಗೂ ಮಿತಿಗಳಿವೆ. ಪಕ್ಕದ ಬಿಟಿ ಹೊಲದ ಪರಾಗದಿಂದಲೋ, ಜಿನ್ನಿಂಗ್ ಮಿಲ್‌ನಲ್ಲಿ ಉಳಿದ ಹಿಂದಿನ ಲೋಡಿನಿಂದಲೋ ಪ್ರಾಮಾಣಿಕ ರೈತನ ಹತ್ತಿಯೂ ಪರೀಕ್ಷೆಯಲ್ಲಿ ಸೋಲಬಹುದು. ಇನ್ನೊಂದೆಡೆ ಯೂರಿಯಾ ಹಾಕಿ ಬೆಳೆದ ಜಯಧರ ಸುಲಭವಾಗಿ ಗೆಲ್ಲುತ್ತದೆ, ಏಕೆಂದರೆ ಪರೀಕ್ಷೆ ಜೀನನ್ನು ನೋಡುತ್ತದೆ, ಗೊಬ್ಬರವನ್ನಲ್ಲ.

ಹಾಗಾಗಿ ಇಡೀ ವ್ಯವಸ್ಥೆ ಕಾಗದಪತ್ರದ ಮೇಲೆ ನಿಂತಿದೆ, ಅದು ಮುರಿಯುವುದೂ ಅಲ್ಲೇ. ಭಾರತದಲ್ಲಿ ಸುಮಾರು 20,000 ಟನ್ ಹತ್ತಿಯನ್ನು ಸುಳ್ಳು ದಾಖಲೆಗಳಿಂದ ಸಾವಯವ ಎಂದು ತೋರಿಸಲಾಗಿದೆ ಎಂದು 2020ರ ಅಕ್ಟೋಬರ್‌ನಲ್ಲಿ ಗಾಟ್ಸ್ ಸಂಸ್ಥೆಯೇ ಪ್ರಕಟಿಸಿ, 11 ಕಂಪನಿಗಳನ್ನು ತನ್ನ ವ್ಯವಸ್ಥೆಯಿಂದ ಹೊರಗಿಟ್ಟಿತು. ನಕಲಿ ಪ್ರಮಾಣಪತ್ರದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅಸಲಿಯಂತೆಯೇ ಕಾಣುವ ನಕಲಿ ಜಾಲತಾಣ ತೆರೆಯುವಂತೆ ಮಾಡಿದ್ದರು. ಮರುವರ್ಷ ಅಮೆರಿಕ ಸರ್ಕಾರ ಅಪೆಡಾದ ಪ್ರಮಾಣೀಕರಣಕ್ಕೆ ಕೊಟ್ಟಿದ್ದ ಮಾನ್ಯತೆಯನ್ನು ಕೊನೆಗೊಳಿಸುವುದಾಗಿ ಘೋಷಿಸಿತು. ಗ್ರಾಹಕನ ಮಟ್ಟದಲ್ಲಿ ಮಾಡಬಹುದಾದದ್ದು ಇಷ್ಟು: ಗಾಟ್ಸ್ ಲೇಬಲ್‌ನಲ್ಲಿ ಲಾಂಛನದ ಜೊತೆಗೆ ದರ್ಜೆ, ಪ್ರಮಾಣೀಕರಿಸಿದ ಸಂಸ್ಥೆಯ ಹೆಸರು ಮತ್ತು ಪರವಾನಗಿ ಸಂಖ್ಯೆ ಇರಬೇಕು. ಕೋಡ್ ಸ್ಕ್ಯಾನ್ ಮಾಡುವ ಬದಲು global-standard.org ಎಂದು ತಾವೇ ಟೈಪ್ ಮಾಡಿ, ಅಲ್ಲಿನ ಪಟ್ಟಿಯಲ್ಲಿ ಆ ಸಂಖ್ಯೆ ಹುಡುಕಬೇಕು. ಹೆಸರು ಸಿಕ್ಕರೆ ಕಂಪನಿಗೆ ಅರ್ಹತೆ ಇದೆ ಎಂದಷ್ಟೇ ಅರ್ಥ. ಈ ಅಂಗಿಯ ಹತ್ತಿ ಯಾವ ಹೊಲದ್ದೆಂಬುದು ಅದರಿಂದ ತಿಳಿಯದು.

ಮುಂದಿನ ದಿನಗಳಲ್ಲಿ

ಸಾವಯವ ಎಂದು ಮಾರುವ ಆಹಾರಕ್ಕೆ ದೇಶದಲ್ಲಿ ಪ್ರಮಾಣೀಕರಣ ಕಡ್ಡಾಯ. ಬಟ್ಟೆಗೆ ಅಂಥ ಪ್ರತ್ಯೇಕ ಕಡ್ಡಾಯವಿಲ್ಲ. ಆದರೆ 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹೊರಡಿಸಿದ ಮಾರ್ಗಸೂಚಿಗಳು ಪರಿಸರಸ್ನೇಹಿ ಎಂಬಂಥ ಹೇಳಿಕೆಗಳಿಗೆ ಆಧಾರ ಕೊಡಬೇಕೆಂದು ಹೇಳುತ್ತವೆ. ಬಟ್ಟೆ ಅಂಗಡಿಯೂ ಇದಕ್ಕೆ ಹೊರತಲ್ಲ. 2025ರ ಜನವರಿಯಲ್ಲಿ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮದ ಎಂಟನೇ ಆವೃತ್ತಿ ಬಂದಿದೆ. ಒಟ್ಟಾಗಿ ಪ್ರಮಾಣಪತ್ರ ಪಡೆಯುವ ರೈತರ ಗುಂಪುಗಳಿಗೆ ಅದು ಕಾನೂನುಬದ್ಧ ಸ್ವರೂಪ ಕೇಳುತ್ತದೆ. ಕಾಗದದಲ್ಲಷ್ಟೇ ಇರುವ ಗುಂಪುಗಳನ್ನು ಹೊರದಬ್ಬಲು ಇದು ನೆರವಾಗಬಹುದು. ಜೊತೆಗೇ, ನಿಜವಾಗಿ ಸಾವಯವ ಬೆಳೆಯುವ ಎರಡು ಮೂರು ಎಕರೆಯ ರೈತನ ಮೇಲೂ ದಾಖಲೆಯ ಹೊರೆ ಹೆಚ್ಚುತ್ತದೆ. ಆ ಖರ್ಚನ್ನು ಬ್ರ್ಯಾಂಡ್‌ಗಳು ತಮ್ಮ ಲಾಭಾಂಶದಿಂದ ಭರಿಸದಿದ್ದರೆ, ಅಂಥ ರೈತ ಪ್ರಮಾಣಪತ್ರ ಬಿಟ್ಟು ತನ್ನ ಹತ್ತಿಯನ್ನು ಸಾಮಾನ್ಯ ಹತ್ತಿಯೊಂದಿಗೆ ಮಾರುವುದೇ ಲಾಭಕರವಾಗುತ್ತದೆ. ಆಗ ಅಸಲಿ ಸಾವಯವ ಹತ್ತಿ ಲೇಬಲ್ ಇಲ್ಲದ ಬಟ್ಟೆಯಲ್ಲಿ ಸೇರಿಹೋಗಿ, ಲೇಬಲ್ ಇರುವ ಬಟ್ಟೆಗೆ ಹತ್ತಿಯ ಕೊರತೆ ಬೀಳುತ್ತದೆ. 2020ರ ನಕಲಿ ದಾಖಲೆಗಳಿಗೆ ಎಡೆಯಾದದ್ದೂ ಪೂರೈಕೆಯನ್ನು ಮೀರಿದ ಇಂಥ ಬೇಡಿಕೆಯೇ ಎಂಬುದನ್ನು ನಿಯಮ ರೂಪಿಸುವವರು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.